ನೆಟ್ ನಿಂತಾಗ ಮೊದಲ ಹತ್ತು ನಿಮಿಷ



ಪತ್ತಿನ ಸಂಘ, ಹಾಲಿನ ಡೇರಿ, ಗೊಬ್ಬರದ ಅಂಗಡಿಗಳಲ್ಲಿ ನೆಟ್ ನಿಂತ ಕೂಡಲೆ ಕಂಪನಿಗೆ ಫೋನು ಹಚ್ಚುವವರೇ ಹೆಚ್ಚು. ಅದಕ್ಕೂ ಮೊದಲು ಹತ್ತು ನಿಮಿಷದ ಕೆಲಸ ನಮ್ಮ ಕೈಯಲ್ಲೇ ಇದೆ.

ಅಕ್ಕಲಕೋಟೆ ಕಡೆಯ ಒಂದು ಪತ್ತಿನ ಸಂಘದ ಉದಾಹರಣೆ ಹೇಳುತ್ತೇನೆ. ಬೆಳಿಗ್ಗೆ 10:20ಕ್ಕೆ ಅಲ್ಲಿಯ ಹುಡುಗ ನನಗೆ ಫೋನು ಮಾಡಿದ.

"ಕಾಕಾ, ನೆಟ್ ಬಂದ್ ಆಗೇದ."

"ಒಂದು ಕಂಪ್ಯೂಟರಿನ್ಯಾಗೋ, ಎಲ್ಲಾದರಾಗೋ?"

"ಮೂರರಾಗೂ ಇಲ್ರಿ."

ಈ ಪ್ರಶ್ನೆ ಮೊದಲು ಕೇಳಬೇಕು. ಒಂದರಲ್ಲೇ ನಿಂತಿದ್ದರೆ ಆ ಯಂತ್ರದ ಹಿಂದಿನ ತಂತಿ ತೆಗೆದು, ಟಿಕ್ ಎಂದು ಕೂರುವಂತೆ ಮತ್ತೆ ಹಾಕಿ ನೋಡಬೇಕು. ಎಲ್ಲದರಲ್ಲೂ ನಿಂತಿದ್ದರೆ ನೇರ ಗೋಡೆಯ ಫೈಬರ್ ಪೆಟ್ಟಿಗೆಯ ಹತ್ತಿರ ಹೋಗಬೇಕು.

ಪೆಟ್ಟಿಗೆಯಲ್ಲಿ POWER ದೀಪವೇ ಇಲ್ಲದಿದ್ದರೆ ಅದು ಕರೆಂಟಿನ ಮಾತು. ಸ್ವಿಚ್ಚು, ಅಡಾಪ್ಟರು ನೋಡಿರಿ. ದೀಪ ಇದ್ದರೆ LOS ಎಂದು ಬರೆದದ್ದನ್ನು ಹುಡುಕಿರಿ. ಅದು ಕೆಂಪಗಿದ್ದರೆ ಕಂಪನಿಯಿಂದ ಬರುವ ಬೆಳಕು ಪೆಟ್ಟಿಗೆಗೆ ಮುಟ್ಟುತ್ತಿಲ್ಲ ಎಂದರ್ಥ. ನಮ್ಮ ಹುಡುಗನ ಕಡೆ ಅದೇ ಆಗಿತ್ತು.

ಫೈಬರ್ ಎಂದರೆ ಕೂದಲೆಳೆಯಂಥ ಗಾಜು. ಕಪಾಟು ಸರಿಸಿದಾಗ ಅದರ ಹಿಂದೆ ತಂತಿ ಗಟ್ಟಿಯಾಗಿ ಮಡಚಿದರೂ ಬೆಳಕು ಸೋರಿಹೋಗುತ್ತದೆ. ಅವನು ಕಪಾಟು ಸರಿಸಿ ತಂತಿಯನ್ನು ಅಗಲ ಸುತ್ತಾಗಿ ಬಿಟ್ಟ. ಕೆಂಪು ಹೋಗಲಿಲ್ಲ. ಪೆಟ್ಟಿಗೆಯನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ, ಮೂರು ನಿಮಿಷ ಕಾದ. ಕೆಂಪು ಕೆಂಪೇ. (ಕೆಂಪು ದೀಪ ಇದರಿಂದ ಹೋಗುವುದು ಅಪರೂಪ, ಆದರೆ ಕಂಪನಿಯವರು ಕೇಳಿಯೇ ಕೇಳುತ್ತಾರೆ, ಮುಗಿಸಿಡುವುದು ಲೇಸು.)

ಎರಡು ಕೆಲಸ ಮಾತ್ರ ಮಾಡಬಾರದು. ತಂತಿ ಬಿಚ್ಚಿ ತುದಿಯೊಳಗೆ ಇಣುಕಬಾರದು. ಆ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಅಪಾಯ. ಹಿಂದಿನ ಸೂಜಿತೂತಿನ ಗುಂಡಿ ಒತ್ತಬಾರದು. ಕಂಪನಿಯವರು ತುಂಬಿಟ್ಟ ವಿವರವೆಲ್ಲ ಅಳಿಸಿಹೋಗಬಹುದು.

LOS ಆರಿದ್ದು PON ದೀಪ ಹಸಿರಾಗಿ ನಿಂತಿದ್ದರೆ ದಾರಿ ಬೇರೆ. ಆಗ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಇವನ್ನು ಒಂದೊಂದಾಗಿ ಹೊಡೆಯಬೇಕು:

```
ipconfig
ping 192.168.1.1
ping 8.8.8.8
```

ಮೊದಲನೆಯದು Default Gateway ಎಂದು ತೋರಿಸುವ ಅಂಕಿಯನ್ನೇ ಎರಡನೆಯದರಲ್ಲಿ ಹಾಕಿರಿ. ಅದು ಬೇರೆಯೂ ಇರಬಹುದು. ಅದಕ್ಕೆ ಉತ್ತರ ಬಾರದಿದ್ದರೆ ದೋಷ ನಮ್ಮ ಕಚೇರಿಯ ತಂತಿಯಲ್ಲಿ. ಅದು ಬಂದು ಮೂರನೆಯದು ಬಾರದಿದ್ದರೆ ದೋಷ ಪೆಟ್ಟಿಗೆಯಾಚೆ. ಆಗ ರೀಚಾರ್ಜ್ ಅವಧಿ ಮುಗಿದಿದೆಯೇ ಎಂದು ಮೊದಲು ನೋಡಿರಿ. ದುಡ್ಡು ಮುಗಿದರೂ PON ಹಸಿರಾಗಿಯೇ ಇರುತ್ತದೆ, ಜನ ಇಲ್ಲೇ ಮೋಸ ಹೋಗುತ್ತಾರೆ.

ನಮ್ಮ ಹುಡುಗ 10:30ಕ್ಕೆ ಕಂಪನಿಗೆ ಫೋನು ಮಾಡಿ, ಗ್ರಾಹಕ ನಂಬರು ಕೊಟ್ಟು, ಮರಾಠಿಯಲ್ಲೇ ಹೇಳಿದ: "10:15ರಿಂದ LOS ಕೆಂಪು, POWER ಇದೆ, ತಂತಿ ಮಡಚಿಲ್ಲ, ಪೆಟ್ಟಿಗೆ ಒಮ್ಮೆ ಆರಿಸಿ ಹಾಕಿದ್ದೇನೆ." ಆಚೆಯವರು ಮರುಪ್ರಶ್ನೆ ಕೇಳದೆ ಲೈನ್‌ಮನ್ ಕಳಿಸುತ್ತೇವೆಂದರು. ದೂರಿನ ನಂಬರು ಕೇಳಿ ದಿನವಹಿಯಲ್ಲಿ ವೇಳೆಯ ಸಮೇತ ಬರೆದುಕೊಂಡ. ಸಂಜೆ ವಿಚಾರಿಸಲು ಅದೇ ಆಧಾರ. ಮಧ್ಯಾಹ್ನದ ತನಕ ಒಂದು ಕಂಪ್ಯೂಟರನ್ನು ಮೊಬೈಲಿನ ಹಾಟ್‌ಸ್ಪಾಟಿನಿಂದ ನಡೆಸಿದರು. ಕಂಬದಿಂದ ಇಳಿದ ತಂತಿ ತಗಡಿನ ಅಂಚಿಗೆ ತಾಗಿ ತುಂಡಾಗಿತ್ತು.