‘ಕೈಂಡ್ಲಿ ಡು ದ ನೀಡ್‌ಫುಲ್’ ಅಂತ ಬರೆದು ನಾನು ಐದು ವಾರ ಕಾದೆ

ಇವತ್ತು ಒಂದು ಮೇಲ್‌ನ ಕಥೆ ಹೇಳ್ತೀನಿ. ಕಥೆ ನಂದೇ, ತಪ್ಪೂ ಮುಕ್ಕಾಲು ಪಾಲು ನಂದೇ.

2023ರ ಮಾರ್ಚ್ 31ಕ್ಕೆ ನಾನು ಬೆಂಗಳೂರಿನ ಒಂದು ಕಂಪನಿ ಬಿಟ್ಟೆ. ಏಪ್ರಿಲ್ 3ಕ್ಕೆ ಇನ್ನೊಂದು ಕಂಪನಿ ಸೇರಿದೆ. ಅದೇ ಹೊತ್ತಿಗೆ ಊರಲ್ಲಿ ಅಪ್ಪನಿಗೆ ಮಂಡಿ ಆಪರೇಷನ್ ಆಗ್ಬೇಕು ಅಂತ ಡಾಕ್ಟರ್ ಹೇಳಿದ್ರು, ಜೂನ್ ಕೊನೆಗೆ ದಿನ ಗೊತ್ತಾಯ್ತು. ನನ್ನ ಹತ್ರ ಇದ್ದ ದೊಡ್ಡ ದುಡ್ಡು ಅಂದ್ರೆ ಹಳೇ ಕಂಪನಿಯ ಮೂರು ವರ್ಷದ ಪಿಎಫ್. ಅದನ್ನು ಹೊಸ ಕಂಪನಿಯ ಪಿಎಫ್ ಖಾತೆಗೆ ವರ್ಗಾಯಿಸಿಕೊಂಡು, ಆಮೇಲೆ ಚಿಕಿತ್ಸೆಗೆ ಅಂತ ಮುಂಗಡ ತಗೊಳ್ಳೋದು ನನ್ನ ಲೆಕ್ಕಾಚಾರ.

ಪಿಎಫ್ ಪೋರ್ಟಲ್‌ಗೆ ಹೋದೆ. ವರ್ಗಾವಣೆ ಮುಂದಕ್ಕೆ ಹೋಗ್ಲಿಲ್ಲ. ಹಳೇ ಕಂಪನಿ ನನ್ನ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನೇ ಹಾಕಿರ್ಲಿಲ್ಲ. ಅಂದ್ರೆ ಪಿಎಫ್ ಕಚೇರಿಯ ಲೆಕ್ಕದಲ್ಲಿ ನಾನಿನ್ನೂ ಅಲ್ಲೇ ಕೆಲಸ ಮಾಡ್ತಿದ್ದೀನಿ.

ಏಪ್ರಿಲ್ 10ಕ್ಕೆ ಹಳೇ ಕಂಪನಿಯ ಎಚ್‌ಆರ್‌ಗೆ ಮೇಲ್ ಹಾಕಿದೆ. ‘ನನ್ನ ಪಿಎಫ್ ವಿಷಯದಲ್ಲಿ ಸಮಸ್ಯೆ ಆಗಿದೆ, ಕೈಂಡ್ಲಿ ಡು ದ ನೀಡ್‌ಫುಲ್ ಅಟ್ ದಿ ಅರ್ಲಿಯಸ್ಟ್.’ ನಮ್ಮ ಕನ್ನಡ ಅರ್ಜಿಗಳಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಅಂತ ಬರೀತೀವಲ್ಲ, ಅದೇ ಇದು. ‘ನೋಟೆಡ್’ ಅಂತ ಉತ್ತರ ಬಂತು. ನನಗೆ ಸಮಾಧಾನ ಆಯ್ತು. ಎರಡು ವಾರ ಏನೂ ಆಗ್ಲಿಲ್ಲ.

ಏಪ್ರಿಲ್ 24ಕ್ಕೆ ಎರಡನೇ ಮೇಲ್. ಈ ಸಲ ಹೇಗೂ ಬರೀತಿದ್ದೀನಲ್ಲ ಅಂತ ಮೂರು ವಿಷಯ ಸೇರಿಸಿದೆ: ಪಿಎಫ್, ಎಕ್ಸ್‌ಪೀರಿಯನ್ಸ್ ಲೆಟರ್, ಕೊನೇ ತಿಂಗಳ ಕ್ಯಾಬ್ ಬಿಲ್. ಎರಡೇ ದಿನದಲ್ಲಿ ಎಕ್ಸ್‌ಪೀರಿಯನ್ಸ್ ಲೆಟರ್ ಬಂತು, ಜೊತೆಗೆ ‘ನಿಮ್ಮ ಮನವಿ ಪೂರ್ಣಗೊಂಡಿದೆ’ ಅಂತ ಟಿಕೆಟ್ ಕ್ಲೋಸ್ ಆಯ್ತು. ಮೂರರಲ್ಲಿ ಸುಲಭವಾದದ್ದು ಒಂದು ಆಯ್ತು, ಉಳಿದೆರಡು ಅದರ ಜೊತೆಗೇ ಮುಚ್ಚಿಹೋದವು. ಮೇ 8ಕ್ಕೆ ಮೂರನೇದು ಬರೆದೆ, ಸ್ವಲ್ಪ ಕೋಪದಲ್ಲಿ, ‘ಅರ್ಜೆಂಟ್’ ಅಂತ ದಪ್ಪ ಅಕ್ಷರದಲ್ಲಿ. ಅದಕ್ಕೆ ಉತ್ತರಾನೇ ಇಲ್ಲ.

ನಮ್ಮಕ್ಕನ ಗೆಳತಿಯೊಬ್ಬರು ಬೇರೆ ಕಡೆ ಪೇರೋಲ್ ಕೆಲಸ ಮಾಡ್ತಾರೆ. ನಾನೂ ಅವರನ್ನ ಅಕ್ಕ ಅಂತಾನೇ ಕರೆಯೋದು. ಅವರಿಗೆ ಮೂರೂ ಮೇಲ್ ತೋರಿಸಿ, ‘ನೋಡಿ ಅಕ್ಕಾ, ಎಷ್ಟು ಸಲ ಕೇಳಿದ್ರೂ ಮಾಡ್ತಿಲ್ಲ’ ಅಂದೆ.

ಅವರು ಓದಿ, ‘ಸರಿ, ಈಗ ನಾನೇ ಆ ಎಚ್‌ಆರ್ ಅಂದ್ಕೋ. ಇದನ್ನ ಓದಿ ನಾನು ಯಾವ ಬಟನ್ ಒತ್ತಬೇಕು ಹೇಳು’ ಅಂದ್ರು.

ನನ್ನ ಹತ್ರ ಉತ್ತರ ಇರ್ಲಿಲ್ಲ. ‘ಪಿಎಫ್ ಸಮಸ್ಯೆ’ ಅಂದ್ರೆ ಹೆಸರು ತಪ್ಪಿರಬಹುದು, ಆಧಾರ್ ಜೋಡಣೆ ಆಗದೇ ಇರಬಹುದು, ಒಂದು ತಿಂಗಳ ದುಡ್ಡು ಜಮಾ ಆಗದೇ ಇರಬಹುದು. ಯಾವುದು ಅಂತ ಹುಡುಕೋ ಕೆಲಸವನ್ನ ನಾನು ಅವರ ತಲೆಗೆ ಕಟ್ಟಿದ್ದೆ. ದಿನಕ್ಕೆ ಎಂಬತ್ತು ಮೇಲ್ ಬರೋರು ಹುಡುಕಬೇಕಾದ ಮೇಲನ್ನ ಪಕ್ಕಕ್ಕಿಡ್ತಾರೆ, ಮಾಡಿ ಮುಗಿಸಬಹುದಾದ ಮೇಲನ್ನ ಮೊದಲು ಮುಗಿಸ್ತಾರೆ.

ಹಾಗಾಗಿ ಹುಡುಕೋ ಕೆಲಸ ನಾನೇ ಮಾಡಿದೆ. ಪೋರ್ಟಲ್‌ನಲ್ಲಿ View ಮೆನುವಿನೊಳಗೆ Service History ಅಂತ ಇದೆ. ಅಲ್ಲಿ ಹಳೇ ಕಂಪನಿಯ ಸಾಲಿನಲ್ಲಿ ಸೇರಿದ ದಿನಾಂಕ ಇತ್ತು, ಬಿಟ್ಟ ದಿನಾಂಕ ಇರ್ಲಿಲ್ಲ. ಅದರ ಸ್ಕ್ರೀನ್‌ಶಾಟ್ ತಗೊಂಡೆ. ಬಿಟ್ಟ ದಿನಾಂಕವನ್ನ ನಾವೇ ಹಾಕ್ಕೊಳ್ಳೋಕೂ ದಾರಿ ಇದೆ, Manage ಮೆನುವಿನಲ್ಲಿ Mark Exit ಅಂತ. ಆದ್ರೆ ಕೊನೇ ಕಂತು ಜಮಾ ಆಗಿ ಎರಡು ತಿಂಗಳು ಕಳೆದಿರಬೇಕು. ನನಗೆ ಅಷ್ಟು ದಿನ ಇರ್ಲಿಲ್ಲ. ಅಂದ್ರೆ ಬೇಕಾಗಿದ್ದದ್ದು ಒಂದೇ ಕೆಲಸ: ಕಂಪನಿ ತನ್ನ ಲಾಗಿನ್‌ನಿಂದ ಒಂದು ದಿನಾಂಕ ತುಂಬೋದು.

ಆಮೇಲೆ ಹಳೇ ಕಂಪನಿಗೆ ಫೋನ್ ಮಾಡಿ, ‘ಪಿಎಫ್ ಪೋರ್ಟಲ್ ಲಾಗಿನ್ ಯಾರ ಹತ್ರ ಇದೆ?’ ಅಂತ ಇಷ್ಟೇ ಕೇಳಿದೆ. ಹೆಸರು ಸಿಕ್ತು. ಮೇ 16, ಮಂಗಳವಾರ ಬೆಳಿಗ್ಗೆ, ಅವರೊಬ್ಬರಿಗೇ ಈ ಮೇಲ್ ಹೋಯ್ತು. ಕನ್ನಡದಲ್ಲಿ ಓದ್ತೀನಿ.

ವಿಷಯದ ಸಾಲು: ‘ಮೇ 19ರೊಳಗೆ: ನನ್ನ ಪಿಎಫ್ ಖಾತೆಯಲ್ಲಿ Date of Exit 31-03-2023 ನಮೂದಿಸಲು.’

ಒಳಗೆ: ‘ಮೇಡಂ, ಪಿಎಫ್ ಪೋರ್ಟಲ್‌ನ ಕಂಪನಿ ಲಾಗಿನ್‌ನಲ್ಲಿ ನನ್ನ Date of Exit ಅನ್ನು 31-03-2023 ಎಂದು ನಮೂದಿಸಿ. ಮೇ 19, ಶುಕ್ರವಾರ ಸಂಜೆ 5ರೊಳಗೆ ಆಗಬೇಕಿದೆ. ತಂದೆಯ ಶಸ್ತ್ರಚಿಕಿತ್ಸೆ ಜೂನ್ ಕೊನೆಗಿದೆ, ಅದಕ್ಕೆ ಮೊದಲು ಖಾತೆ ವರ್ಗಾವಣೆ ಮುಗಿಯಬೇಕು. ನನ್ನ ಯುಎಎನ್ ಸಂಖ್ಯೆ ಕೆಳಗಿದೆ. ರಿಲೀವಿಂಗ್ ಲೆಟರ್ ಮತ್ತು ಈಗಿನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.’

ಅಷ್ಟೇ. ಕ್ಯಾಬ್ ಬಿಲ್ ಬಗ್ಗೆ ಒಂದು ಅಕ್ಷರ ಇಲ್ಲ. ಅದಕ್ಕೆ ಬೇರೆ ಮೇಲ್ ಹಾಕಿದೆ, ಅಕೌಂಟ್ಸ್‌ನವರಿಗೆ.

ಗುರುವಾರ ಮಧ್ಯಾಹ್ನ ‘ಅಪ್‌ಡೇಟ್ ಮಾಡಿದ್ದೀನಿ’ ಅಂತ ಉತ್ತರ ಬಂತು. ಈ ಸಲ ಉತ್ತರ ನೋಡಿ ಸುಮ್ಮನಾಗ್ಲಿಲ್ಲ. Service History ತೆರೆದು, ದಿನಾಂಕ ಬಂದಿದೆಯಾ, ಸರಿಯಾಗಿದೆಯಾ ನೋಡಿದೆ. ‘ನೀಡ್‌ಫುಲ್’ ಆಯ್ತಾ ಅಂತ ಯಾರೂ ಪರೀಕ್ಷೆ ಮಾಡೋಕಾಗಲ್ಲ. ಒಂದು ದಿನಾಂಕ ಅಲ್ಲಿದೆಯೋ ಇಲ್ಲವೋ ಅನ್ನೋದನ್ನ ಹತ್ತು ಸೆಕೆಂಡಲ್ಲಿ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ. ಖಚಿತವಾಗಿ ಕೇಳಿದ್ರೆ ಜನ ಖಚಿತವಾಗಿ ಅದನ್ನೇ ಮಾಡ್ತಾರೆ, ನೀವು ತಪ್ಪು ಕೇಳಿದ್ರೂ ಸಹ. ನಾನು ಅವಸರದಲ್ಲಿ ಮಾರ್ಚ್ ಬದಲು ಏಪ್ರಿಲ್ ತಿಂಗಳ ದಿನಾಂಕ ಕೊಟ್ಟಿದ್ರೆ, ಹೊಸ ಕಂಪನಿ ಸೇರಿದ ದಿನಕ್ಕೂ ಹಳೇದು ಬಿಟ್ಟ ದಿನಕ್ಕೂ ಅಡ್ಡ ಬೀಳ್ತಿತ್ತು. ಅದನ್ನ ತಿದ್ದೋಕೆ ಆಗ ಜಾಯಿಂಟ್ ಡಿಕ್ಲರೇಷನ್ ಅಂತ ಮತ್ತೊಂದು ಸುತ್ತು ಓಡಾಡಬೇಕಾಗ್ತಿತ್ತು. ಅದಕ್ಕೇ ರಿಲೀವಿಂಗ್ ಲೆಟರ್ ಮುಂದಿಟ್ಟುಕೊಂಡು ದಿನಾಂಕ ಬರೆದದ್ದು, ಅವರೂ ತಾಳೆ ನೋಡ್ಲಿ ಅಂತ ಲಗತ್ತಿಸಿದ್ದು.

ಗಡುವಿನ ಬಗ್ಗೆಯೂ ಒಂದು ಮಾತು. ನಾವು ಅವರ ಬಾಸ್ ಅಲ್ಲ. ಬರೀ ‘ಶುಕ್ರವಾರದೊಳಗೆ’ ಅಂದ್ರೆ ದರ್ಪ ಅನ್ಸುತ್ತೆ. ಯಾಕೆ ಶುಕ್ರವಾರ ಅಂತ ಒಂದು ಸಾಲು ಸೇರಿಸಿದ್ರೆ ಅದು ಮಾಹಿತಿ ಆಗುತ್ತೆ. ಕಾರಣ ನಿಜವಾಗಿರಬೇಕು ಅಷ್ಟೇ. ಸುಮ್ಮನೆ ಗಡುವು ಹಾಕಿ, ಅದು ದಾಟಿದ್ರೂ ನೀವು ಕೇಳದೇ ಇದ್ರೆ, ಮುಂದಿನ ಸಲ ನಿಮ್ಮ ದಿನಾಂಕಕ್ಕೆ ಬೆಲೆ ಇರಲ್ಲ.

ವರ್ಗಾವಣೆ ಅರ್ಜಿಯನ್ನ ಹೊಸ ಕಂಪನಿ ಒಪ್ಪಬೇಕಿತ್ತು. ಅಲ್ಲೂ ಇದೇ ಥರ ನಾಲ್ಕು ಸಾಲು ಬರೆದೆ. ದುಡ್ಡು ಆಪರೇಷನ್‌ಗೆ ಆರು ದಿನ ಮುಂಚೆ ಕೈಸೇರ್ತು. ಅಪ್ಪ ಈಗ ಬೆಳಿಗ್ಗೆ ಹಾಲಿಗೆ ತಾವೇ ನಡ್ಕೊಂಡು ಹೋಗ್ತಾರೆ.

ಆ ಮೇಡಂಗೆ ಥ್ಯಾಂಕ್ಸ್ ಹೇಳೋಕೆ ಫೋನ್ ಮಾಡಿದ್ದೆ. ಮೊದಲಿನ ಮೂರು ಮೇಲ್ ನೋಡಿದ್ರಾ ಅಂತ ಮೆಲ್ಲಗೆ ಕೇಳಿದೆ. ‘ನೋಡಿದ್ದೆ ಕಣ್ರೀ. ನಾಲ್ಕು ಜನಕ್ಕೆ ಹಾಕಿದ್ರಿ. ಬೇರೆ ಯಾರೋ ಮಾಡ್ತಿರ್ತಾರೆ ಅಂದ್ಕೊಂಡೆ’ ಅಂದ್ರು.

ಉಳಿದ ಮೂರು ಜನಾನೂ ಹಾಗೇ ಅಂದ್ಕೊಂಡಿದ್ರೋ ಏನೋ. ನಿಮ್ಮ ಸೆಂಟ್ ಫೋಲ್ಡರ್‌ನಲ್ಲಿ ಉತ್ತರ ಬರದ ಮೇಲ್ ಯಾವುದಾದ್ರೂ ಇದ್ರೆ ತೆಗೆದು ಓದಿ, ಅದನ್ನ ಓದಿದವರು ಯಾವ ಬಟನ್ ಒತ್ತಬೇಕು ಅಂತ ಅಲ್ಲಿ ಇದೆಯಾ ನೋಡಿ.