ಬಂಧಿತ ರೊಕ್ಕ, ಅಬಂಧಿತ ರೊಕ್ಕ: ಪಂಚಾಯಿತಿ ಅಂದಾಜುಪತ್ರಕ ಓದೋದು ಹ್ಯಾಂಗ

(ಅಕ್ಕಲಕೋಟ, ಜತ್ತ ಭಾಗದ ಯುವಕರ ಮುಂದೆ ಮಾಡಿದ ಮಾತು)

ಗೆಳೆಯರೇ, ಗ್ರಾಮಸಭೆಯೊಳಗ ನಾವು ಮೊದಲು ಕೇಳೋ ಮಾತು ಒಂದೇ: "ಸರಪಂಚರ, ಇಷ್ಟು ರೊಕ್ಕ ಬಂತಲ್ಲ, ನಮ್ಮ ಓಣಿ ರಸ್ತೆ ಯಾಕ ಆಗಲಿಲ್ಲ?" ಗ್ರಾಮಸೇವಕರು "ಅದು ಬಂಧಿತ ನಿಧಿ" ಅಂತಾರ. ನಾವು ಸುಮ್ಮನಾಗ್ತೀವಿ. ಆ ಉತ್ತರ ಅರ್ಧ ಖರೆ. ಉಳಿದ ಅರ್ಧ ಇವತ್ತು ನೋಡೋಣ.

15ನೇ ಹಣಕಾಸು ಆಯೋಗದ ಅನುದಾನಕ್ಕೆ 2021-22ರಿಂದ 2025-26ರವರೆಗೆ ಒಂದು ಕಟ್ಟಳೆ ಇತ್ತು. ನೂರರಲ್ಲಿ 60 ಬಂಧಿತ, 40 ಅಬಂಧಿತ. ಬಂಧಿತದ ಅರ್ಧ ಕುಡಿಯುವ ನೀರಿಗೆ, ಅಂದರೆ ನಳ, ಮಳೆನೀರು ಸಂಗ್ರಹ ಇಂಥವಕ್ಕೆ, ಇನ್ನರ್ಧ ಸ್ವಚ್ಛತೆಗೆ. ಅಬಂಧಿತವನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಆದರೆ ಪಗಾರಕ್ಕೆ, ಕಚೇರಿ ಖರ್ಚಿಗೆ ಮಾತ್ರ ಇರಲಿಲ್ಲ.

ಲೆಕ್ಕಕ್ಕೆ ಆ ಕಟ್ಟಳೆಯೊಳಗ ಊರಿಗೆ ವರ್ಷಕ್ಕೆ 10 ಲಕ್ಷ ಬಂತು ಅಂತ ಹಿಡಿಯೋಣ. ನೀರಿಗೆ 3, ಸ್ವಚ್ಛತೆಗೆ 3, ಅಬಂಧಿತ 4 ಲಕ್ಷ. ಓಣಿಯ ಕೆಲಸಕ್ಕೆ ಅಂದಾಜು 6 ಲಕ್ಷ. ಇಡೀ ಕೆಲಸವನ್ನು "ಕಾಂಕ್ರೀಟ್ ರಸ್ತೆ" ಅಂತ ಒಂದೇ ಸಾಲಿನಲ್ಲಿ ಬರೆದರೆ ಅಬಂಧಿತದ 4 ಲಕ್ಷ ಸಾಲೋದಿಲ್ಲ, ಕೆಲಸ ಮುಂದಿನ ವರ್ಷಕ್ಕೆ ಹೋಗ್ತದ. ಆದರೆ ಆ ಓಣಿಯ ನಿಜವಾದ ರೋಗ ಏನು? ಬಚ್ಚಲ ನೀರು ರಸ್ತೆ ಮ್ಯಾಲೆ ನಿಲ್ಲೋದು. ಗಟಾರ, ಶೋಷಖಡ್ಡಾ (ಇಂಗುಗುಂಡಿ) ಸಾಂಡಪಾಣಿ ವ್ಯವಸ್ಥಾಪನದೊಳಗ ಬರ್ತಾವ, ಅದು ಸ್ವಚ್ಛತೆಯೇ. ಹಂಗಾಗಿ ಗಟಾರದ 2.5 ಲಕ್ಷ ಬಂಧಿತದಿಂದ, ರಸ್ತೆಯ 3.5 ಲಕ್ಷ ಅಬಂಧಿತದಿಂದ, ಎರಡು ಬೇರೆ ಕೆಲಸಗಳಾಗಿ ಆರಾಖಡಾದೊಳಗ ಬರೆಸಬೇಕು. ಮೊದಲು ಗಟಾರ, ಆಮೇಲೆ ರಸ್ತೆ. ಉಲ್ಟಾ ಮಾಡಿದರೆ ಹೊಸ ಕಾಂಕ್ರೀಟ್ ಒಡೀಬೇಕಾಗ್ತದ, ಇದನ್ನ ನಾವೆಲ್ಲ ನೋಡೀವಿ. ರಸ್ತೆಯ ಖರ್ಚನ್ನೇ ಗಟಾರ ಅಂತ ತೋರಿಸೋದು ಮಾತ್ರ ತಪ್ಪು, ಅಳತೆಯೊಳಗ ಸಿಕ್ಕಿಬೀಳ್ತದ.

ನೀರಿನ 3 ಲಕ್ಷದ ಕಥೆ ಬೇರೆ. ಎಲ್ಲರ ಮನೆಗೂ ನೀರು ಪೂರಾ ಮುಟ್ಟಿದ್ದರೆ ಅದನ್ನು ಸ್ವಚ್ಛತೆಗೆ ತಿರುಗಿಸಲಿಕ್ಕೆ ಆ ಕಟ್ಟಳೆಯೊಳಗ ಅವಕಾಶ ಇತ್ತು. ಆದರೆ "ನಮ್ಮಲ್ಲಿ ಕೊರತೆ ಇಲ್ಲ" ಅಂತ ಗ್ರಾಮಸಭೆಯೇ ದೃಢೀಕರಿಸಬೇಕಿತ್ತು. ಬ್ಯಾಸಗಿಯೊಳಗ ಟ್ಯಾಂಕರ್ ಕಾಯೋ ಊರಿನವರು ಅಂಥ ಠರಾವಿಗೆ ಸಹಿ ಹಾಕೋ ಮುಂಚೆ ಪೂರಾ ಓದ್ರಿ. ಮರಾಠಿ ಬರದ ನಿಮ್ಮ ಅವ್ವ, ಕಾಕಾಗೂ ಕನ್ನಡದಾಗ ಓದಿ ಹೇಳ್ರಿ.

ಇನ್ನ ನಮುನಾ 1, ಅಂದರೆ ಅಂದಾಜುಪತ್ರಕ. ಅದನ್ನ ಕೈಗೆ ತಗೊಂಡ ಕೂಡಲೇ ಮಂದಿ ಖರ್ಚಿನ ಬಾಜೂಕ ಹೋಗ್ತಾರ. ನೀವು ಮೊದಲು ಆರಂಭಿಕ ಶಿಲ್ಲಕ್ ನೋಡ್ರಿ. ಹೋದ ವರ್ಷದ ಉಳಿಕೆ ದೊಡ್ಡದಿದ್ದರೆ ಅದರಾಗ ಬಂಧಿತ ಎಷ್ಟು, ಅಬಂಧಿತ ಎಷ್ಟು ಅಂತ ಬಿಡಿಸಿ ಕೇಳ್ರಿ. "ರೊಕ್ಕ ಇಲ್ಲ" ಅನ್ನೋ ಊರಾಗ ಸ್ವಚ್ಛತೆಯ ರೊಕ್ಕ ಖರ್ಚಾಗದೇ ಬಿದ್ದಿರಬಹುದು. ಆಮೇಲೆ ಇ-ಗ್ರಾಮ್‌ಸ್ವರಾಜ್‌ನಲ್ಲಿ ನಿಮ್ಮ ಪಂಚಾಯಿತಿಯ ಆರಾಖಡಾ ತೆಗೀರಿ. ಸಭೆಯೊಳಗ ಓದಿದ ಗಟಾರ ಅಲ್ಲಿ ಇಲ್ಲ ಅಂದ್ರ, ಆ ಕೆಲಸಕ್ಕ ಬಿಲ್ ಪಾಸಾಗೋದು ಕಷ್ಟ. ಮಂಜೂರಿ ಆಗೋಕ ಮೊದಲೇ ಅದನ್ನ ಸೇರಿಸಲಿಕ್ಕೆ ಗ್ರಾಮಸೇವಕರಿಗೆ ಅರ್ಜಿ ಕೊಟ್ಟು ಪೋಚ್ ತಗೊಳ್ರಿ.