ಬಳ್ಳಾರಿ ಮೊದಲೋ, ಬಸವಕಲ್ಯಾಣ ಮೊದಲೋ?

ಬನವಾಸಿ, ಬಸವಕಲ್ಯಾಣ, ಬಳ್ಳಾರಿ, ಬಾಗಲಕೋಟೆ ಎಂಬ ನಾಲ್ಕು ಊರುಗಳನ್ನು ಅಕಾರಾದಿಯಾಗಿ ಜೋಡಿಸಿ ಎಂದರೆ ಶಾಲೆಯ ಮಕ್ಕಳು ಇದೇ ಕ್ರಮದಲ್ಲಿ ಬರೆಯುತ್ತಾರೆ. ‘ಯ ರ ಲ ವ ಶ ಷ ಸ ಹ ಳ’ ಎಂದು ಬಾಯಿಪಾಠ ಮಾಡಿದವರಿಗೆ ‘ಳ’ಕಾರ ಕಟ್ಟಕಡೆಯದು. ನಿಘಂಟಿನಲ್ಲಿಯೂ ಹಾಗೆಯೇ. ಆದರೆ ಇದೇ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿ, ಭಾಷೆ ಯಾವುದೆಂದು ಹೇಳದೆ ಬಿಟ್ಟರೆ, ಬಳ್ಳಾರಿ ಬಸವಕಲ್ಯಾಣಕ್ಕಿಂತ ಮುಂದೆ ಬಂದು ಕೂರುತ್ತದೆ.

ಹೀಗೇಕೆ? ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ‘ಲ’ದ ಸಂಖ್ಯೆ 3250, ‘ಳ’ದ್ದು 3251, ‘ಸ’ದ್ದು 3256, ‘ಹ’ದ್ದು 3257. ಎರಡು ಪದಗಳನ್ನು ಹೋಲಿಸುವಾಗ ಯಂತ್ರ ಎಡದಿಂದ ಒಂದೊಂದೇ ಸಂಖ್ಯೆಯನ್ನು ನೋಡುತ್ತ ಹೋಗುತ್ತದೆ. ಎರಡರಲ್ಲೂ ‘ಬ’ ಸಮ. ಮುಂದೆ ‘ಳ’ದ ಸಂಖ್ಯೆ ‘ಸ’ದ್ದಕ್ಕಿಂತ ಚಿಕ್ಕದು. ಅಲ್ಲಿಗೆ ತೀರ್ಪು ಮುಗಿಯಿತು.

ಈ ಸಂಖ್ಯೆಗಳು ಬಂದ ದಾರಿಯೂ ತಿಳಿಯತಕ್ಕದ್ದು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಇರಲೆಂದು ನಮ್ಮ ದೇಶದಲ್ಲಿ ‘ಇಸ್ಕಿ’ ಎಂಬ ಸಂಕೇತ ಪದ್ಧತಿ ರೂಪುಗೊಂಡಿತು. ಅದರ 1988ರ ಆವೃತ್ತಿಯನ್ನೇ ಆಧಾರವಾಗಿಟ್ಟುಕೊಂಡು 1991ರ ಯೂನಿಕೋಡ್ ಈ ಲಿಪಿಗಳನ್ನು ಜೋಡಿಸಿತು. ಆ ಚೌಕಟ್ಟಿನಲ್ಲಿ ‘ಳ’ಕಾರಕ್ಕೆ ‘ಲ’ಕಾರದ ಪಕ್ಕದ ಮನೆ ಸಿಕ್ಕಿತು. ದೇವನಾಗರಿಯಲ್ಲೂ ಅದು ‘ಲ’ದ ಪಕ್ಕದಲ್ಲೇ ಇದೆ. ಮರಾಠಿಗರೂ ‘ಹ’ ಆದ ಮೇಲೆಯೇ ‘ಳ’ ಹೇಳುವುದರಿಂದ ಈ ತೊಡಕು ಅವರಿಗೂ ತಪ್ಪಿಲ್ಲ. ಸಂಖ್ಯೆ ಎಂಬುದು ಅಕ್ಷರದ ಮನೆ ವಿಳಾಸ ಮಾತ್ರ. ಅದು ಪಂಕ್ತಿಯಲ್ಲಿ ಕೂರುವ ಸ್ಥಾನವಲ್ಲ.

ಒಂದು ಹೆಸರು ಹಿಂದೆ ಮುಂದೆ ಆದರೆ ನಷ್ಟವೇನು ಎಂದು ಕೇಳಬಹುದು. ಮುದ್ರಿತ ಪಟ್ಟಿಯಲ್ಲಿ ‘ಬಹ’ ಆದ ಮೇಲೆ ‘ಬಳ’ ಹುಡುಕುವವನು ಹೆಸರೇ ಇಲ್ಲವೆಂದು ವಾಪಸು ಹೋಗುತ್ತಾನೆ. ಯಂತ್ರವೂ ಹೀಗೆ ಏಮಾರುತ್ತದೆ. ದೊಡ್ಡ ಪಟ್ಟಿಯಲ್ಲಿ ಹುಡುಕುವಾಗ ಅದು ಮಧ್ಯದ ಹೆಸರನ್ನು ನೋಡಿ, ಬೇಕಾದದ್ದು ಯಾವ ಕಡೆಗಿದೆಯೆಂದು ನಿರ್ಧರಿಸಿ, ಇನ್ನೊಂದು ಕಡೆಯನ್ನು ಪೂರ್ತಿ ಕೈಬಿಡುತ್ತದೆ. ಮೇಲಿನ ನಾಲ್ಕು ಊರುಗಳು ಕನ್ನಡದ ಕ್ರಮದಲ್ಲಿವೆ, ಹುಡುಕುವ ತಂತ್ರಾಂಶ ಮಾತ್ರ ಸಂಖ್ಯೆಯನ್ನು ನಂಬಿದೆ ಎನ್ನೋಣ. ಬಳ್ಳಾರಿ ಬೇಕು. ಯಂತ್ರ ಮೊದಲು ಬಸವಕಲ್ಯಾಣವನ್ನು ಮುಟ್ಟುತ್ತದೆ. ಬಳ್ಳಾರಿ ಇದಕ್ಕಿಂತ ಹಿಂದಿರಬೇಕೆಂದು ಎಡಕ್ಕೆ ತಿರುಗುತ್ತದೆ. ಅಲ್ಲಿರುವುದು ಬನವಾಸಿ ಒಂದೇ. ಪಟ್ಟಿಯಲ್ಲಿ ಬಳ್ಳಾರಿ ಇದ್ದರೂ ‘ಇಲ್ಲ’ ಎಂಬ ಉತ್ತರ ಬರುತ್ತದೆ.

ಇದಕ್ಕೆ ಮದ್ದು, ವಿಳಾಸವನ್ನು ಬಿಟ್ಟು ಭಾಷೆಯ ಕ್ರಮವನ್ನು ನೋಡಿ ಹೋಲಿಸುವುದು. ಪ್ರತಿ ಅಕ್ಷರಕ್ಕೂ ಒಂದು ‘ತೂಕ’ ಕೊಟ್ಟ ಕೋಷ್ಟಕವಿದೆ. ಅದರಲ್ಲಿ ‘ಳ’ದ ತೂಕ ‘ಹ’ದ್ದಕ್ಕಿಂತ ಹೆಚ್ಚು. ಯಂತ್ರ ಸಂಖ್ಯೆಯ ಬದಲು ತೂಕವನ್ನು ಹೋಲಿಸುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ವ್ಯತ್ಯಾಸ ಇಷ್ಟೇ:

```
a.sort();
a.sort(new Intl.Collator("kn").compare);
```

ಮೊದಲನೆಯದು ಸಂಖ್ಯೆಯ ಕ್ರಮ. ಎರಡನೆಯದು ಕನ್ನಡದ ಕ್ರಮ. `kn` ಎಂಬುದು ಕನ್ನಡದ ಗುರುತು.

ಇದರಿಂದ ಇನ್ನೊಂದು ಕಾಟವೂ ತಪ್ಪುತ್ತದೆ. ‘ರಾಜ್‌ಕುಮಾರ್’ ಎಂದು ಟೈಪು ಮಾಡುವಾಗ ‘ಕು’ ಒತ್ತಕ್ಷರವಾಗಿ ಕೆಳಗಿಳಿಯದಂತೆ ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತಾರೆ. ಅದರ ಸಂಖ್ಯೆ 8204. ಕನ್ನಡದ ಯಾವ ಅಕ್ಷರಕ್ಕಿಂತಲೂ ದೊಡ್ಡದು. ಹೀಗಾಗಿ ಸಂಖ್ಯೆಯ ಕ್ರಮದಲ್ಲಿ ‘ರಾಜ್ಯ’ ಮೊದಲು, ‘ರಾಜ್‌ಕುಮಾರ್’ ಆಮೇಲೆ. ತೂಕದ ಕೋಷ್ಟಕ ಆ ಚಿಹ್ನೆಯನ್ನು ಲೆಕ್ಕಕ್ಕೇ ಹಿಡಿಯದೆ ‘ಕ’ವನ್ನು ‘ಯ’ದೊಡನೆ ಹೋಲಿಸುತ್ತದೆ. ‘ರಾಜ್‌ಕುಮಾರ್’ ಮುಂದೆ ಬರುತ್ತದೆ.

ಆದರೆ ಈ ಉಪಾಯಕ್ಕೂ ಮಿತಿಯುಂಟು. ಅದು ಕಾಗುಣಿತವನ್ನು ತಿದ್ದುವುದಿಲ್ಲ. ಒಬ್ಬರು ‘ಪಂಪ’ ಎಂದೂ ಇನ್ನೊಬ್ಬರು ‘ಪಮ್ಪ’ ಎಂದೂ ಬರೆದರೆ ಎರಡೂ ದೂರ ದೂರವೇ ಉಳಿಯುತ್ತವೆ. ಅಲ್ಲದೆ, ಜೋಡಿಸುವ ಕಡೆ ಒಂದು ಕ್ರಮ, ಹುಡುಕುವ ಕಡೆ ಇನ್ನೊಂದು ಆದರೆ ಬಳ್ಳಾರಿ ಮತ್ತೆ ಕಾಣೆಯಾಗುತ್ತದೆ. ಎರಡೂ ಕಡೆ ಒಂದೇ ಕೋಷ್ಟಕ ಇರಬೇಕು.

ಯಾವುದೇ ತಂತ್ರಾಂಶವನ್ನು ಪರೀಕ್ಷಿಸಲು ಆ ನಾಲ್ಕು ಊರುಗಳೇ ಸಾಕು. ಹೆಸರುಗಳನ್ನು ಕಲಸಿ ಕೊಟ್ಟು ಜೋಡಿಸಲು ಹೇಳಿ. ಬಳ್ಳಾರಿ ಎರಡನೆಯದಾಗಿ ಬಂದರೆ ಅದು ಸಂಖ್ಯೆ ಎಣಿಸುತ್ತಿದೆ. ಮೂರನೆಯದಾಗಿ ಬಂದರೆ ಅದಕ್ಕೆ ಕನ್ನಡದ ವರ್ಣಮಾಲೆ ಗೊತ್ತಿದೆ.